ಎರಡನೇ ಹೆಸರು ನಿಮ್ಮದು, ನೀರು ಯಾವ ಬಾವಿಯದು?

ಓದುಗರ ಪತ್ರ: ನಾನು ಪದವಿ ಕಾಲೇಜಿನಲ್ಲಿ ರಸಾಯನಶಾಸ್ತ್ರದ ಅತಿಥಿ ಉಪನ್ಯಾಸಕಿ. ನನಗೆ ಪಾಠ ಮಾಡಿದ್ದ ಪ್ರೊಫೆಸರ್ ಒಬ್ಬರು ಕೊಳವೆಬಾವಿ ನೀರಿನ 60 ಸ್ಯಾಂಪಲ್‌ಗಳ ಫ್ಲೋರೈಡ್ ಅಂಕಿಗಳನ್ನು ಎಕ್ಸೆಲ್ ಹಾಳೆಯಲ್ಲಿ ಕಳಿಸಿದ್ದಾರೆ. ಲೆಕ್ಕ, ಗ್ರಾಫ್ ಮಾಡಿ ಪೇಪರ್ ಬರೆದುಕೊಡಬೇಕು, ಎರಡನೇ ಹೆಸರು ನನ್ನದಂತೆ. ನೀರು ತಂದು ಅಳೆದ ಎಂ.ಎಸ್ಸಿ. ಹುಡುಗರ ಹೆಸರು ಎಲ್ಲೂ ಇಲ್ಲ. ಸರ್ ಅವರ ತಮ್ಮನಿಗೆ ನೀರಿನ ಫಿಲ್ಟರ್ ವ್ಯಾಪಾರವಿದೆ. ನನ್ನ ಲೆಕ್ಕ ಪ್ರಾಮಾಣಿಕವಾಗಿದ್ದರೆ ಸಾಕಲ್ವಾ? ಅಂಕಿಗಳು ಎಲ್ಲಿಂದ ಬಂದವು ಅನ್ನೋದು ನನ್ನ ತಲೆನೋವಾ?
— ಹೆಸರು ಹಾಕಬೇಡಿ ಎಂದ ಓದುಗರು

ಸಂಪಾದಕರ ಉತ್ತರ:

ಹೌದು, ನಿಮ್ಮ ತಲೆನೋವೇ. ಪ್ರಾಮಾಣಿಕವಾಗಿ ತಮ್ಮ ಪಾಲಿನ ಕೆಲಸ ಮಾಡಿದ ನೂರಕ್ಕೂ ಹೆಚ್ಚು ಜನ ಒಬ್ಬರ ಪೇಪರ್‌ಗಳಲ್ಲಿ ಹೆಸರು ಸೇರಿಸಿಕೊಂಡು ಸಿಕ್ಕಿಕೊಂಡ ಕಥೆ ನಮ್ಮ ದೇಶದಲ್ಲೇ ಇದೆ. ಅದನ್ನು ಮೊದಲು ಹೇಳುತ್ತೇನೆ. ನಿಮ್ಮ ಎಕ್ಸೆಲ್ ಹಾಳೆಗೆ ಆಮೇಲೆ ಬರೋಣ.

ಚಂಡೀಗಢದ ಪಂಜಾಬ್ ವಿಶ್ವವಿದ್ಯಾಲಯದಲ್ಲಿ ವಿಶ್ವಜಿತ್ ಗುಪ್ತಾ ಎಂಬ ಭೂವಿಜ್ಞಾನದ ಪ್ರಾಧ್ಯಾಪಕರಿದ್ದರು. 1960ರ ದಶಕದಿಂದ ಸುಮಾರು 25 ವರ್ಷ ಹಿಮಾಲಯದ ಪಳೆಯುಳಿಕೆಗಳ ಮೇಲೆ ಪೇಪರ್ ಮೇಲೆ ಪೇಪರ್ ಬರೆದರು. ಒಟ್ಟು ಮುನ್ನೂರಕ್ಕೂ ಹೆಚ್ಚು. ಆ ಬೆಟ್ಟಗಳಲ್ಲಿ ಓಡಾಡುವುದು ಕಷ್ಟ, ಗಡಿಯ ಹತ್ತಿರವಂತೂ ಅನುಮತಿಯೇ ಸಿಗದು. ಹಾಗಾಗಿ ಅವರು ಹೇಳಿದ ಜಾಗಕ್ಕೆ ಹೋಗಿ ನೋಡಿ ಬಂದವರು ಕಡಿಮೆ.

ಅವರ ಕೆಲಸದ ರೀತಿ ಹೀಗಿತ್ತು. ಒಂದು ಪಳೆಯುಳಿಕೆಯನ್ನು ಆ ಬಗೆಯ ಪರಿಣತರಿಗೆ ಕೊಡುತ್ತಿದ್ದರು ಅಥವಾ ಅಂಚೆಯಲ್ಲಿ ಕಳಿಸುತ್ತಿದ್ದರು. ಪರಿಣತರು ಅದು ಯಾವ ಜೀವಿ, ಯಾವ ಕಾಲದ್ದು ಎಂದು ಗುರುತಿಸಿ ಬರೆಯುತ್ತಿದ್ದರು. ಸಿಕ್ಕಿದ ಜಾಗದ ವಿವರವನ್ನು ಗುಪ್ತಾ ಸೇರಿಸುತ್ತಿದ್ದರು. ಪೇಪರ್ ಇಬ್ಬರ ಹೆಸರಲ್ಲಿ ಬರುತ್ತಿತ್ತು. ಹೀಗೆ ಹೆಸರು ಸೇರಿಸಿಕೊಂಡವರು ದೇಶ ವಿದೇಶಗಳಲ್ಲಿದ್ದರು. ಹೆಚ್ಚಿನವರು ಆ ಬಂಡೆಯನ್ನು ಕಣ್ಣಾರೆ ಕಂಡಿರಲಿಲ್ಲ.

ಇದರ ಹಿಂದೆ ಬಿದ್ದವರು ಸಿಡ್ನಿಯ ಮ್ಯಾಕ್ವಾರಿ ವಿಶ್ವವಿದ್ಯಾಲಯದ ಜಾನ್ ಟ್ಯಾಲೆಂಟ್. ಹಿಮಾಲಯದ ಡೆವೋನಿಯನ್ ಕಾಲದ ಪಳೆಯುಳಿಕೆಗಳು ಅವರ ವಿಷಯ. ಗುಪ್ತಾ ಪ್ರಕಟಿಸಿದ್ದ ಕೋನೊಡಾಂಟ್‌ಗಳ ಮೇಲೆ ಅವರಿಗೆ ಅನುಮಾನ ಬಂತು. ಕೋನೊಡಾಂಟ್ ಅಂದರೆ ಹಾವುಮೀನಿನಂಥ ಒಂದು ಪುರಾತನ ಪ್ರಾಣಿಯ ಹಲ್ಲಿನಂಥ ಭಾಗ. ಎಳ್ಳಿಗಿಂತಲೂ ಚಿಕ್ಕದು. ಸುಣ್ಣಕಲ್ಲನ್ನು ತೆಳು ಆಮ್ಲದಲ್ಲಿ ಕರಗಿಸಿ, ಉಳಿದ ಚರಟದಿಂದ ಸೂಕ್ಷ್ಮದರ್ಶಕದ ಕೆಳಗೆ ಒದ್ದೆ ಕುಂಚದ ತುದಿಯಲ್ಲಿ ಒಂದೊಂದಾಗಿ ಆರಿಸಬೇಕು. ಗುಪ್ತಾ ಹಿಮಾಲಯದ್ದೆಂದು ತೋರಿಸಿದ ಕೋನೊಡಾಂಟ್‌ಗಳು ಅಮೆರಿಕದ ನ್ಯೂಯಾರ್ಕ್ ರಾಜ್ಯದ ಆಮ್ಸ್‌ಡೆಲ್ ಕ್ರೀಕ್ ಎಂಬ ಹೆಸರಾಂತ ಜಾಗದವುಗಳ ಹಾಗೇ ಇದ್ದವು. ಕೆಲವು ಪೇಪರ್‌ಗಳಲ್ಲಿ ಒಂದೇ ಮಾದರಿಯನ್ನು ಬೇರೆ ಬೇರೆ ಜಾಗದ್ದೆಂದು ತೋರಿಸಿದಂತೆಯೂ ಕಂಡಿತು. ಇನ್ನು ಶಂಖದಂಥ ಅಮೊನಾಯ್ಡ್‌ಗಳು ಮೊರಾಕ್ಕೊದ ಎರ್‌ಫೂದ್ ಕಡೆಯವುಗಳನ್ನು ಹೋಲುತ್ತಿದ್ದವು. ಆ ಮಾಲು ಯುರೋಪಿನ ಅಂಗಡಿಗಳಲ್ಲಿ ದುಡ್ಡು ಕೊಟ್ಟರೆ ಸಿಗುವಂಥದ್ದು. 1987ರಲ್ಲಿ ಕೆನಡಾದ ಕ್ಯಾಲ್ಗರಿಯಲ್ಲಿ ನಡೆದ ಸಮ್ಮೇಳನದಲ್ಲಿ ಟ್ಯಾಲೆಂಟ್ ಈ ಮಾತೆತ್ತಿದರು. 1989ರ ಏಪ್ರಿಲ್‌ನಲ್ಲಿ ನೇಚರ್ ಪತ್ರಿಕೆಯಲ್ಲಿ ಬರೆದ ಮೇಲೆ ಅದು ಜಗತ್ತಿಗೆಲ್ಲ ಗೊತ್ತಾಯಿತು.

ಇಲ್ಲಿ ಒಂದು ವಿಷಯವನ್ನು ಸರಿಯಾಗಿ ನೋಡಿ. ಸಹಲೇಖಕರು ತಮ್ಮ ಕೆಲಸವನ್ನು ಕೆಡಿಸಿರಲಿಲ್ಲ. ಪಳೆಯುಳಿಕೆಗೆ ಅವರು ಕೊಟ್ಟ ಹೆಸರು, ಹೇಳಿದ ಕಾಲ ಸರಿಯೇ ಇರಬಹುದು. ಆದರೆ ಹಿಮಾಲಯದ ಭೂವಿಜ್ಞಾನದಲ್ಲಿ ಒಂದು ಪಳೆಯುಳಿಕೆಗೆ ಬೆಲೆ ಬರುವುದೇ ಅದು ಯಾವ ಕಣಿವೆಯ ಯಾವ ಪದರದಲ್ಲಿ ಸಿಕ್ಕಿತು ಎನ್ನುವುದರಿಂದ. ಬೆಟ್ಟದ ಆ ಭಾಗ ಯಾವ ಕಾಲದಲ್ಲಿ ಸಮುದ್ರದಡಿ ಇತ್ತು ಎಂದು ತೀರ್ಮಾನಿಸುವುದು ಅದರ ಮೇಲೆಯೇ. ಜಾಗ ಸುಳ್ಳಾದ ಮೇಲೆ ಅಚ್ಚುಕಟ್ಟಾದ ಗುರುತಿಸುವಿಕೆಯೂ ಹಿಮಾಲಯದ ಬಗ್ಗೆ ಏನನ್ನೂ ಹೇಳದು. ನೀವು ಮಾಡುವ ಲೆಕ್ಕವೂ ಹೀಗೇ. ಸೂತ್ರವೆಲ್ಲ ಸರಿಯಿದ್ದು, ಅಂಕಿ ಆ ಬಾವಿಯದ್ದಲ್ಲದಿದ್ದರೆ ಆ ಊರಿನ ನೀರಿನ ಬಗ್ಗೆ ನೀವು ಬರೆದದ್ದು ಸುಳ್ಳು.

ಮುಂದೇನಾಯಿತು ಅಂತ ಕೇಳುತ್ತೀರಿ. ಗುಪ್ತಾ ಆರೋಪಗಳನ್ನು ಒಪ್ಪಲಿಲ್ಲ. ನಿವೃತ್ತ ನ್ಯಾಯಮೂರ್ತಿಯೊಬ್ಬರು ವಿಚಾರಣೆ ನಡೆಸಿದರು. 1994ರಲ್ಲಿ ತಪ್ಪಿತಸ್ಥರೆಂದು ತೀರ್ಮಾನವಾಯಿತು. ಸಂಬಳದ ವಾರ್ಷಿಕ ಬಡ್ತಿ ನಿಂತಿತು, ಆಡಳಿತದ ಹುದ್ದೆ ಕೊಡಬಾರದೆಂದಾಯಿತು. ಕೆಲಸ ಮಾತ್ರ ಉಳಿಯಿತು, ನಿವೃತ್ತಿಯವರೆಗೂ ಅಲ್ಲೇ ಇದ್ದರು. ಇದು ಶಿಕ್ಷೆಯೇ ಅಲ್ಲ ಅನ್ನುವವರ ಪೈಕಿ ನಾನೂ ಒಬ್ಬ. ಸಹಲೇಖಕರ ಪಾಡು ಬೇರೆ. ಯಾವ ಪೇಪರ್ ನಂಬಬಹುದು, ಯಾವುದನ್ನು ಬಿಡಬೇಕು ಎಂದು ತಮ್ಮದೇ ಹೆಸರಿರುವ ಬರಹಗಳನ್ನು ಅವರು ಮತ್ತೆ ಕೆದಕಬೇಕಾಯಿತು.

ಈಗ ನಿಮ್ಮ ಹಾಳೆಗೆ ಬರೋಣ. ನಿಮ್ಮ ಪ್ರೊಫೆಸರ್ ಮೋಸಗಾರರು ಅಂತ ನಾನು ಹೇಳುತ್ತಿಲ್ಲ. ನನಗೆ ಗೊತ್ತೂ ಇಲ್ಲ, ನಿಮಗೂ ಗೊತ್ತಿಲ್ಲ. ಗೊತ್ತು ಮಾಡಿಕೊಳ್ಳಲು ದಾರಿ ಇದೆ, ಅದೂ ನಿಮ್ಮದೇ ವಿಷಯದಲ್ಲಿ.

ಮೊದಲು ಅಯಾನುಗಳ ಸಮತೋಲ ನೋಡಿ. ಯಾವುದೇ ನೀರಿನಲ್ಲಿ ಧನ ಅಯಾನು, ಋಣ ಅಯಾನು ಎರಡರ ಒಟ್ಟು ವಿದ್ಯುದಂಶ ಸಮ ಇರಲೇಬೇಕು. ಉದಾಹರಣೆಗೆ ಒಂದು ಸ್ಯಾಂಪಲ್‌ನಲ್ಲಿ ಲೀಟರಿಗೆ ಸೋಡಿಯಂ 92 ಮಿಲಿಗ್ರಾಂ, ಕ್ಯಾಲ್ಸಿಯಂ 40, ಮೆಗ್ನೀಸಿಯಂ 24.3 ಇದೆ ಅನ್ನಿ. ಒಂದೊಂದನ್ನೂ ಅದರ ತುಲ್ಯಭಾರದಿಂದ ಭಾಗಿಸಿದರೆ 4, 2, 2, ಒಟ್ಟು 8. ಆ ಕಡೆ ಬೈಕಾರ್ಬೊನೇಟ್ 305, ಕ್ಲೋರೈಡ್ 71, ಸಲ್ಫೇಟ್ 48, ಫ್ಲೋರೈಡ್ 3.8 ಇದ್ದರೆ 5, 2, 1, 0.2, ಒಟ್ಟು 8.2. ವ್ಯತ್ಯಾಸ 0.2. ಅದನ್ನು ಎರಡೂ ಕಡೆಯ ಮೊತ್ತವಾದ 16.2ರಿಂದ ಭಾಗಿಸಿದರೆ ಶೇ. 1.2. ಸಾಮಾನ್ಯವಾಗಿ ಶೇ. 5ರೊಳಗೆ ಇದ್ದರೆ ಒಪ್ಪುತ್ತಾರೆ. ನಿಮ್ಮ 60 ಸಾಲುಗಳಲ್ಲಿ ಬಹಳಷ್ಟು ಶೇ. 20, 30 ಅಂತ ಬಂದರೆ ಒಂದೋ ಅಳತೆ ಕೆಟ್ಟದಾಗಿದೆ, ಇಲ್ಲವೇ ಯಾರೋ ಕೂತು ಅಂಕಿ ತುಂಬಿದ್ದಾರೆ. ಅದೇ ಎಲ್ಲ ಸಾಲೂ ಸೊನ್ನೆ ಬಂದರೆ ಖುಷಿಪಡಬೇಡಿ. ಸೋಡಿಯಂ ಅಳೆಯದೆ, ಉಳಿದದ್ದನ್ನೆಲ್ಲ ಕೂಡಿಸಿ ಕಳೆದು ಅದನ್ನು ಲೆಕ್ಕದಿಂದ ತೆಗೆದಿರುವ ಸಾಧ್ಯತೆ ಇದೆ. ಹಾಗೆ ಮಾಡಿದ್ದನ್ನು ಪೇಪರ್‌ನಲ್ಲಿ ಹೇಳಿದರೆ ತಪ್ಪಲ್ಲ. ಆದರೆ ಆಗ ಈ ಪರೀಕ್ಷೆಗೆ ಅರ್ಥವಿಲ್ಲ.

ಈ ಪರೀಕ್ಷೆಗೊಂದು ಕೊರತೆಯಿದೆ, ನಿಮ್ಮ ವಿಷಯದಲ್ಲಿ ಅದೇ ಮುಖ್ಯ. ಮೇಲಿನ ಲೆಕ್ಕದಲ್ಲಿ ಫ್ಲೋರೈಡ್ ಪಾಲು ಬರೀ 0.2. ಯಾರಾದರೂ ನಿಜವಾದ 1 ಮಿಲಿಗ್ರಾಂ ಅನ್ನು 3.8 ಎಂದು ತಿದ್ದಿದರೂ ಸಮತೋಲ ಕದಲುವುದು ಹೆಚ್ಚುಕಡಿಮೆ ಶೇ. 1ರಷ್ಟು. ಅದು ಕಣ್ಣಿಗೇ ಬೀಳದು. ಆದರೆ ಕುಡಿಯುವ ನೀರಿಗೆ ನಮ್ಮ ಮಾನಕ ಸಂಸ್ಥೆ ಇಟ್ಟ ಮಿತಿ 1, ಬೇರೆ ನೀರೇ ಇಲ್ಲದಾಗ 1.5. ಅಂದರೆ ಊರಿನವರು ಆ ನೀರು ಕುಡಿಯಬಹುದೋ ಬೇಡವೋ, ಫಿಲ್ಟರ್ ಕೊಳ್ಳಬೇಕೋ ಬೇಡವೋ ಎನ್ನುವುದು ಸಮತೋಲಕ್ಕೆ ಕಾಣದ ಆ ಚಿಕ್ಕ ಅಂಕಿಯ ಮೇಲೆ ನಿಂತಿದೆ.

ಅದಕ್ಕೇ ಮೂಲ ದಾಖಲೆ ಕೇಳಬೇಕು. ಫ್ಲೋರೈಡ್ ಎಲೆಕ್ಟ್ರೋಡ್‌ನಿಂದ ಅಳೆದಿದ್ದರೆ ಮೀಟರ್ ಮೊದಲು ತೋರಿಸುವುದು ಮಿಲಿವೋಲ್ಟ್. ಗೊತ್ತಿರುವ 1 ಮತ್ತು 10 ಮಿಲಿಗ್ರಾಂ ದ್ರಾವಣಗಳ ನಡುವೆ 25 ಡಿಗ್ರಿಯಲ್ಲಿ ಸುಮಾರು 57ರಿಂದ 59 ಮಿಲಿವೋಲ್ಟ್ ಅಂತರ ಬರಬೇಕು. ಫ್ಲೋರೈಡ್ ಜಾಸ್ತಿಯಾದಷ್ಟೂ ಓದು ಇಳಿಯುತ್ತದೆ. 3.8 ಎಂದು ಬರೆದ ಸ್ಯಾಂಪಲ್‌ನ ಓದು 1ರ ದ್ರಾವಣದ್ದಕ್ಕಿಂತ ಸುಮಾರು 34 ಮಿಲಿವೋಲ್ಟ್ ಕೆಳಗಿರಬೇಕು. ಹುಡುಗರ ಲ್ಯಾಬ್ ನೋಟ್‌ಬುಕ್‌ನಲ್ಲಿ ಆ ದಿನದ ತಾರೀಖು, ದ್ರಾವಣಗಳ ಓದು, ಎರಡೆರಡು ಸಲ ಅಳೆದ ಸ್ಯಾಂಪಲ್‌ಗಳು, ಗೀಟು ಹಾಕಿ ತಿದ್ದಿದ ಜಾಗಗಳು ಇರಬೇಕು. ಒಂದೇ ಪೆನ್ನಿನಲ್ಲಿ ಒಂದೂ ತಿದ್ದುಪಡಿ ಇಲ್ಲದೆ 60 ಸಾಲು ಬರೆದ ನೋಟ್‌ಬುಕ್ ಕಂಡರೆ ನನಗಂತೂ ಅನುಮಾನ. ಇದರ ಜೊತೆ ಬಾವಿಗಳ ಜಿಪಿಎಸ್ ಗುರುತು ತೆಗೆದುಕೊಳ್ಳಿ. ಆಗುವುದಾದರೆ ಐದಾರು ಬಾವಿಗಳಿಂದ ನೀವೇ ಪ್ಲಾಸ್ಟಿಕ್ ಬಾಟಲಿಯಲ್ಲಿ ನೀರು ತಂದು ಅಳೆದು ನೋಡಿ. ಮಳೆ ಬಿದ್ದ ಮೇಲೆ ಅಂಕಿ ಸ್ವಲ್ಪ ಬದಲಾಗಿರಬಹುದು. 3.8 ಇದ್ದದ್ದು ಎಲ್ಲ ಬಾವಿಗಳಲ್ಲೂ 0.6 ಆದರೆ ಅದಕ್ಕೆ ಮಳೆ ಕಾರಣವಾಗದು.

ಹಿರಿಯರನ್ನು ಇದೆಲ್ಲ ಕೇಳುವುದು ಹೇಗೆ ಎನ್ನುವುದೇ ನಿಮ್ಮ ನಿಜವಾದ ಕಷ್ಟ ಎಂದು ನನಗೆ ಗೊತ್ತು. ಅತಿಥಿ ಉಪನ್ಯಾಸಕರ ಕೆಲಸ ಪ್ರತಿ ವರ್ಷ ತೂಗಾಡುತ್ತದೆ. ಆರೋಪದ ಧಾಟಿ ಬೇಡ. “ಸರ್, ರಿವ್ಯೂ ಮಾಡುವವರು ಮೂಲ ಡೇಟಾ ಕೇಳಬಹುದು, ಈಗಲೇ ಸೇರಿಸಿ ಇಟ್ಟುಕೊಳ್ಳೋಣ, ನೋಟ್‌ಬುಕ್‌ನ ಸ್ಕ್ಯಾನ್ ಕಳಿಸ್ತೀರಾ?” ಎಂದು ಇಮೇಲ್‌ನಲ್ಲೇ ಬರೆಯಿರಿ. ಇದು ನೆಪವೇನಲ್ಲ, ಎಷ್ಟೋ ಪತ್ರಿಕೆಗಳು ನಿಜಕ್ಕೂ ಕೇಳುತ್ತವೆ. ಕೆಲಸ ಮಾಡಿಸಿದವರು ಎರಡು ದಿನದಲ್ಲಿ ಕಳಿಸುತ್ತಾರೆ. “ನನ್ನ ಮೇಲೆ ನಂಬಿಕೆ ಇಲ್ವಾ?” ಎಂಬ ಉತ್ತರ ಬಂದರೆ ಅದೂ ಒಂದು ಮಾಹಿತಿಯೇ.

ಕಾಲೇಜಿನ ಸಾಫ್ಟ್‌ವೇರ್ ಇದನ್ನೆಲ್ಲ ಹಿಡಿಯುತ್ತದೆ ಎಂದುಕೊಳ್ಳಬೇಡಿ. ಯುಜಿಸಿಯ 2018ರ ನಿಯಮ ಮುಖ್ಯವಾಗಿ ಕೃತಿಚೌರ್ಯದ ಬಗ್ಗೆ. ಹೋಲಿಕೆ ಶೇ. 10 ದಾಟಿತೇ ಎಂದು ನೋಡುತ್ತಾರೆ. ಹೊಸದಾಗಿ ಹುಟ್ಟಿಸಿದ ಅಂಕಿಗೆ ಹೋಲಿಕೆಯೇ ಇರುವುದಿಲ್ಲವಲ್ಲ, ಆರಾಮಾಗಿ ಪಾಸಾಗುತ್ತದೆ.

ಹುಡುಗರ ಹೆಸರಿನ ವಿಷಯ. ವೈದ್ಯಕೀಯ ಪತ್ರಿಕೆಗಳ ಸಂಪಾದಕರ ಅಂತರರಾಷ್ಟ್ರೀಯ ಸಮಿತಿಯ ಸೂತ್ರವನ್ನು ಬೇರೆ ಶಾಖೆಯವರೂ ಬಳಸುತ್ತಾರೆ. ಲೇಖಕ ಅನ್ನಿಸಿಕೊಳ್ಳಲು ಕೆಲಸದಲ್ಲಿ ಗಟ್ಟಿ ಪಾಲು, ಬರೆಯುವಿಕೆಯಲ್ಲಿ ಅಥವಾ ತಿದ್ದುವಿಕೆಯಲ್ಲಿ ಪಾಲು, ಕೊನೆಯ ರೂಪಕ್ಕೆ ಒಪ್ಪಿಗೆ, ಮುಂದೆ ಪ್ರಶ್ನೆ ಬಂದರೆ ಉತ್ತರಿಸುವ ಹೊಣೆ, ಈ ನಾಲ್ಕೂ ಬೇಕು. ಹುಡುಗರು ಬರೆದಿಲ್ಲವಲ್ಲ ಎಂದು ಸರ್ ಹೇಳಬಹುದು. ಆದರೆ ಮೊದಲ ಪಾಲು ಇರುವವರಿಗೆ ಬರೆಯುವ, ಒಪ್ಪುವ ಅವಕಾಶ ಕೊಡಬೇಕು ಎಂದೂ ಅದೇ ಸೂತ್ರ ಹೇಳುತ್ತದೆ. ಕರಡನ್ನು ಅವರಿಗೂ ಕಳಿಸಿ. ಇದರಿಂದ ನಿಮಗೆ ಇನ್ನೊಂದು ಲಾಭವಿದೆ. ಟೇಬಲ್‌ನಲ್ಲಿರುವ ಅಂಕಿ ತಾವು ಬರೆದುಕೊಂಡದ್ದೇ ಅಲ್ಲವೇ ಎಂದು ಹೇಳಬಲ್ಲವರು ಅವರೇ. ಅವರನ್ನು ಹೊರಗಿಟ್ಟ ಪೇಪರ್‌ನಲ್ಲಿ ಆ ಸಾಕ್ಷಿಯೂ ಹೊರಗುಳಿಯುತ್ತದೆ.

ತಮ್ಮನ ಫಿಲ್ಟರ್ ವ್ಯಾಪಾರ ಇದೆ ಎಂಬ ಮಾತ್ರಕ್ಕೆ ಅಂಕಿ ಸುಳ್ಳಾಗುವುದಿಲ್ಲ. ಹಿತಾಸಕ್ತಿ ಇರುವುದು ಅಪರಾಧವಲ್ಲ, ಮುಚ್ಚಿಡುವುದು ತಪ್ಪು. ಪೇಪರ್‌ನ ಕೊನೆಯಲ್ಲಿ ಅದಕ್ಕೆಂದೇ ಜಾಗವಿದೆ. ಒಂದು ಸಾಲು ಸಾಕು. ಆ ಸಾಲು ಹಾಕಲು ಅವರು ಒಪ್ಪದಿದ್ದರೆ ನಿಮ್ಮ ಹೆಸರೂ ಬೇಡ.

ದಾಖಲೆ ಬರಲಿಲ್ಲ ಎಂದಾದರೆ “ಈ ಪೇಪರ್‌ಗೆ ನನ್ನ ಹೆಸರು ಸೇರಿಸಬೇಡಿ” ಎಂದು ಇಮೇಲ್ ಮಾಡಿ, ಪ್ರತಿ ಇಟ್ಟುಕೊಳ್ಳಿ. ಕೃತಜ್ಞತೆಯ ಪಟ್ಟಿಯಲ್ಲೂ ಬೇಡ ಎಂದು ಸೇರಿಸಿ, ಅಲ್ಲಿ ಹೆಸರು ನುಸುಳುವುದು ಸುಲಭ. ಆಮೇಲೂ ಪತ್ರಿಕೆಗೆ ಕಳಿಸಿದರೆ, ಲೇಖಕರೆಲ್ಲರಿಗೂ ಮಾಹಿತಿ ಕಳಿಸುವ ಪತ್ರಿಕೆಯಾಗಿದ್ದರೆ ನಿಮಗೆ ಸಂದೇಶ ಬರುತ್ತದೆ. ಬಂದ ದಿನವೇ ಅಲ್ಲಿನ ಸಂಪಾದಕರಿಗೆ ಆ ಹಳೆಯ ಇಮೇಲ್ ಲಗತ್ತಿಸಿ ಬರೆಯಿರಿ. ಪ್ರಕಟವಾಗುವ ಮುಂಚೆ ಹೆಸರು ತೆಗೆಸುವುದು ಒಂದು ಪತ್ರದ ಕೆಲಸ, ಆಮೇಲಾದರೆ ವರ್ಷಗಟ್ಟಲೆ ಎಳೆಯಬಹುದು.