ಎರಡು ನಿಫ್ಟಿ ಫಂಡ್, ಖರ್ಚಿನಲ್ಲಿ 0.40% ವ್ಯತ್ಯಾಸ: 20 ವರ್ಷಕ್ಕೆ ಎಷ್ಟು ನಷ್ಟ?

ಪ್ರಶ್ನೆ: ನನ್ನ ಹತ್ತಿರ ಎರಡು ನಿಫ್ಟಿ 50 ಇಂಡೆಕ್ಸ್ ಫಂಡ್ ಇವೆ, ಒಂದೊಂದರಲ್ಲೂ ಈಗ ಸುಮಾರು 5 ಲಕ್ಷ ಇದೆ. ಒಂದರ ಎಕ್ಸ್‌ಪೆನ್ಸ್ ರೇಶಿಯೋ 0.20%, 2022ರಲ್ಲಿ ನಾನೇ ಹಾಕಿದ್ದು. ಇನ್ನೊಂದರದ್ದು 0.60%, 2020–21ರಲ್ಲಿ ಬ್ಯಾಂಕಿನವರು ಕಂತುಗಳಲ್ಲಿ ಮಾಡಿಸಿಕೊಟ್ಟಿದ್ದು, ಅದರಲ್ಲಿ 2.25 ಲಕ್ಷ ಲಾಭ ಇದೆ. ಇನ್ನು 20 ವರ್ಷ ಈ ದುಡ್ಡು ಬೇಕಾಗಿಲ್ಲ. 0.40% ಅಷ್ಟು ದೊಡ್ಡದಾ? ಅಳೆಯೋದು ಹೇಗೆ? ಆಪ್‌ನಲ್ಲಿ ನೋಡಿದರೆ 0.60%ನದ್ದೇ ಹೆಚ್ಚು ಲಾಭ ತೋರಿಸ್ತಿದೆ. ಬಿಟ್ಟು ಬರಬೇಕಾ?

ಉತ್ತರ:

ದೊಡ್ಡದೇ. 20 ವರ್ಷ ಕಳೆದ ಮೇಲೆ ದುಬಾರಿ ಫಂಡಿನ ಮೊತ್ತ ಅಗ್ಗದ ಫಂಡಿನ ಮೊತ್ತಕ್ಕಿಂತ ಸುಮಾರು 7.7% ಕಡಿಮೆ ಇರುತ್ತದೆ. ಮಾರುಕಟ್ಟೆ ಏರಲಿ, ಇಳಿಯಲಿ, ಮಲಗಿರಲಿ, ಈ ಶೇಕಡಾವಾರು ಬದಲಾಗುವುದಿಲ್ಲ. ಹೂಡಿಕೆಯಲ್ಲಿ ಭವಿಷ್ಯ ಹೇಳದೆ ಲೆಕ್ಕ ಹಾಕಬಹುದಾದ ಸಂಗತಿಗಳು ತೀರಾ ಕಡಿಮೆ, ಇದು ಅವುಗಳಲ್ಲೊಂದು. ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮೊದಲು ಈ ಖರ್ಚು ಎಲ್ಲಿಂದ ಹೋಗುತ್ತದೆ ಎಂಬುದು. ಇದು ಲಾಭದ ಮೇಲಿನ ಶುಲ್ಕವಲ್ಲ, ಇರುವ ಅಷ್ಟೂ ಹಣದ ಮೇಲಿನದು. ವರ್ಷದ ಖರ್ಚನ್ನು ದಿನಗಳಿಗೆ ಹಂಚಿ, ಪ್ರತಿದಿನ ಎನ್‌ಎವಿ, ಅಂದರೆ ಫಂಡಿನ ಒಂದು ಯೂನಿಟ್‌ನ ಬೆಲೆ, ಪ್ರಕಟಿಸುವ ಮೊದಲೇ ಅಷ್ಟನ್ನು ಮುರಿದುಕೊಂಡಿರುತ್ತಾರೆ. ನಿಮ್ಮ 5 ಲಕ್ಷಕ್ಕೆ 0.40% ಅಂದರೆ ವರ್ಷಕ್ಕೆ 2,000 ರೂಪಾಯಿ, ದಿನಕ್ಕೆ ಐದೂವರೆ ರೂಪಾಯಿ. ಯಾವ ಸ್ಟೇಟ್‌ಮೆಂಟಿನಲ್ಲೂ ಇದು ನಿಮ್ಮ ಖಾತೆಯಿಂದ ಕಡಿತವಾದ ಸಾಲಾಗಿ ಕಾಣುವುದಿಲ್ಲ. ಇನ್ನೊಂದು ವಿಷಯ: ನೀವು ನೋಡುವ ಎನ್‌ಎವಿ ಖರ್ಚು ಕಳೆದ ಮೇಲಿನದು, ಆದ್ದರಿಂದ ಆಪ್ ತೋರಿಸುವ ಲಾಭದಿಂದ ಮತ್ತೊಮ್ಮೆ 0.60% ಕಳೆಯಬೇಡಿ.

ಈಗ 7.7% ಎಲ್ಲಿಂದ ಬಂತು? ಎರಡೂ ಫಂಡ್ ಅದೇ ಐವತ್ತು ಕಂಪನಿಗಳನ್ನು ಅದೇ ಪ್ರಮಾಣದಲ್ಲಿ ಇಟ್ಟುಕೊಂಡಿವೆ. ಒಂದು ವರ್ಷದಲ್ಲಿ ಸೂಚ್ಯಂಕ ಎಷ್ಟೇ ಬೆಳೆದರೂ ಒಂದು ಫಂಡ್ ವರ್ಷದ ಕೊನೆಗೆ ಆಗುವ ಒಟ್ಟು ಮೊತ್ತದ 99.8% ಭಾಗವನ್ನು, ಇನ್ನೊಂದು 99.4% ಭಾಗವನ್ನು ಉಳಿಸಿಕೊಳ್ಳುತ್ತದೆ. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿದರೆ ಮಾರುಕಟ್ಟೆಯ ಅಂಶ ಮೇಲೂ ಕೆಳಗೂ ಇದ್ದು ಹೊಡೆದುಹೋಗುತ್ತದೆ, ಬರೀ ಖರ್ಚು ಉಳಿಯುತ್ತದೆ. ಸ್ಪ್ರೆಡ್‌ಶೀಟಿನಲ್ಲಿ ಹೀಗೆ ಹಾಕಿ ನೋಡಿ:

```
=1-((1-0.006)/(1-0.002))^20
```

ಉತ್ತರ 0.077 ಬರುತ್ತದೆ. ಬಾಯಿಲೆಕ್ಕಕ್ಕೆ ವ್ಯತ್ಯಾಸವನ್ನು ವರ್ಷಗಳಿಂದ ಗುಣಿಸಿದರೂ ಸಾಕು: 0.40 × 20 = 8, ನಿಜವಾದ ಉತ್ತರ ಅದಕ್ಕಿಂತ ಕೊಂಚ ಕಡಿಮೆ. ವ್ಯತ್ಯಾಸ ದೊಡ್ಡದಾದಂತೆ, ವರ್ಷ ಹೆಚ್ಚಿದಂತೆ ಈ ಬಾಯಿಲೆಕ್ಕ ಸಡಿಲವಾಗುತ್ತದೆ. 1% ವ್ಯತ್ಯಾಸ 30 ವರ್ಷ ನಡೆದರೆ 30% ಅಲ್ಲ, 26% ಹೋಗುತ್ತದೆ.

ರೂಪಾಯಿಯಲ್ಲಿ ಹೇಳಬೇಕೆಂದರೆ ಮಾತ್ರ ಮಾರುಕಟ್ಟೆಯ ಬಗ್ಗೆ ಏನಾದರೊಂದು ಊಹೆ ಮಾಡಲೇಬೇಕು. ಸೂಚ್ಯಂಕ ಡಿವಿಡೆಂಡ್ ಸೇರಿ ವರ್ಷಕ್ಕೆ 11% ಬೆಳೆಯಿತು ಎಂದುಕೊಂಡರೆ ಅಗ್ಗದ ಫಂಡಿನ 5 ಲಕ್ಷ 38.7 ಲಕ್ಷವಾಗುತ್ತದೆ, ದುಬಾರಿಯದು 35.7 ಲಕ್ಷ. ವ್ಯತ್ಯಾಸ ಹತ್ತಿರಹತ್ತಿರ 3 ಲಕ್ಷ. 8% ಮಾತ್ರ ಬೆಳೆದರೆ ಅದೇ ವ್ಯತ್ಯಾಸ 1.7 ಲಕ್ಷಕ್ಕೆ ಇಳಿಯುತ್ತದೆ. "3 ಲಕ್ಷ ನಷ್ಟ" ಎಂದು ಯಾರಾದರೂ ಬರೆದಿದ್ದರೆ ಎಷ್ಟು ಬೆಳವಣಿಗೆ ಹಿಡಿದು ಹೇಳಿದ್ದಾರೆ ಎಂದು ಕೇಳಿ. ಜೊತೆಗೆ ಅದು 20 ವರ್ಷದ ನಂತರದ ರೂಪಾಯಿ. ಬೆಲೆಗಳು ವರ್ಷಕ್ಕೆ 5% ಏರಿದರೆ ಆ 3 ಲಕ್ಷಕ್ಕೆ ಇಂದಿನ ಲೆಕ್ಕದಲ್ಲಿ 1.13 ಲಕ್ಷದ ಬೆಲೆ. ನಾನು ಮನೆಯವರ ಹೂಡಿಕೆಯ ಲೆಕ್ಕ ಬರೆಯುವಾಗ ರೂಪಾಯಿಗಿಂತ ಶೇಕಡಾವಾರನ್ನೇ ನಂಬುತ್ತೇನೆ, ಕಾರಣ ಇದೇ.

ಇದೆಲ್ಲ ಈಗಾಗಲೇ ಕೂತಿರುವ ಹಣದ ಮಾತು. ಎಸ್‌ಐಪಿ ಆದರೆ ಪೆಟ್ಟು ಕಡಿಮೆ, ಏಕೆಂದರೆ ಮೊದಲ ಕಂತು ಮಾತ್ರ 20 ವರ್ಷ ಖರ್ಚು ತೆರುತ್ತದೆ, ಕೊನೆಯ ಕಂತು ಒಂದೇ ತಿಂಗಳು. ತಿಂಗಳಿಗೆ 10,000ದಂತೆ 20 ವರ್ಷ, ಅದೇ 11% ಹಿಡಿದರೆ, ಎರಡು ಫಂಡ್‌ಗಳ ಕೊನೆಯ ಮೊತ್ತದ ನಡುವಿನ ಅಂತರ ಸುಮಾರು 5.2% ಬರುತ್ತದೆ.

ಇನ್ನು ನಿಮ್ಮ ಆಪ್ ವಿಚಾರ. ಅದು ಸುಳ್ಳು ಹೇಳುತ್ತಿಲ್ಲ, ಆದರೆ ಬೇರೆಯೇ ಪ್ರಶ್ನೆಗೆ ಉತ್ತರ ಕೊಡುತ್ತಿದೆ. 2020ರ ಮಾರ್ಚ್‌ನಲ್ಲಿ ನಿಫ್ಟಿ 7,600ರ ಆಸುಪಾಸಿಗೆ ಬಿದ್ದಿತ್ತು, 2021ರ ಅಕ್ಟೋಬರ್‌ನಲ್ಲಿ 18,000 ದಾಟಿತು. ಬ್ಯಾಂಕಿನ ಫಂಡಿನ ಕಂತುಗಳು ಆ ಏರಿಕೆಯ ದಾರಿಯಲ್ಲಿ ಹೋಗಿವೆ, ನಿಮ್ಮದು ಏರಿದ ಮೇಲೆ ಹೋಗಿದೆ. ಒಟ್ಟು ಲಾಭದ ಶೇಕಡಾವಾರು ಆಗಲಿ, ಕಂತುಗಳ ದಿನಾಂಕ ಹಿಡಿದು ಲೆಕ್ಕ ಹಾಕುವ ವಾರ್ಷಿಕ ದರವಾದ ಎಕ್ಸ್‌ಐಆರ್‌ಆರ್ ಆಗಲಿ, ನೀವು ಯಾವಾಗ ಹಣ ಹಾಕಿದಿರಿ ಎಂಬುದನ್ನು ಒಳಗೆ ಸೇರಿಸಿಕೊಂಡೇ ಇರುತ್ತದೆ. ಬೇರೆ ಬೇರೆ ದಿನ ಕೊಂಡ ಎರಡು ಫಂಡ್‌ಗಳ ನಡುವೆ 0.40%ನಷ್ಟು ಸಣ್ಣ ವ್ಯತ್ಯಾಸವನ್ನು ಆ ಅಂಕಿಯಲ್ಲಿ ಹುಡುಕಿದರೆ ಸಿಗುವುದಿಲ್ಲ.

ಫಂಡ್‌ಗಳನ್ನೇ ಹೋಲಿಸಬೇಕೆಂದರೆ ನಿಮ್ಮ ಕಂತುಗಳನ್ನು ಮರೆತು, ಎರಡರ ಎನ್‌ಎವಿಯನ್ನೂ ಒಂದೇ ಜೋಡಿ ದಿನಾಂಕಗಳಲ್ಲಿ ತೆಗೆದುಕೊಳ್ಳಿ. ಮ್ಯೂಚುವಲ್ ಫಂಡ್ ಕಂಪನಿಗಳ ಒಕ್ಕೂಟವಾದ ಆಂಫಿಯ ಜಾಲತಾಣದಲ್ಲಿ ಹಳೆಯ ಎನ್‌ಎವಿ ಪುಕ್ಕಟೆ ಸಿಗುತ್ತದೆ. ಲೆಕ್ಕ ತೋರಿಸಲಿಕ್ಕೆಂದು ನಾನೇ ಇಟ್ಟುಕೊಂಡ ಅಂಕಿಗಳು ಇವು: ಅಗ್ಗದ ಫಂಡ್ ನಾಲ್ಕು ವರ್ಷದಲ್ಲಿ 12.40ರಿಂದ 19.86ಕ್ಕೆ ಹೋಯಿತು, ದುಬಾರಿಯದು 124.60ರಿಂದ 196.30ಕ್ಕೆ. ಒಂದರ ಎನ್‌ಎವಿ ಹತ್ತು ಪಟ್ಟು ದೊಡ್ಡದಿರುವುದಕ್ಕೆ ಯಾವ ಅರ್ಥವೂ ಇಲ್ಲ, ಎಷ್ಟು ಪಟ್ಟು ಬೆಳೆಯಿತು ಎಂಬುದಷ್ಟೇ ಮುಖ್ಯ.

```
=((19.86/12.40)/(196.30/124.60))^(1/4)-1
```

ಉತ್ತರ 0.0041, ಅಂದರೆ ವರ್ಷಕ್ಕೆ 0.41%. ಕಾಗದದ ಮೇಲಿನ 0.40%ಗೆ ಹತ್ತಿರ ಬಂತು, ಲೆಕ್ಕ ತಾಳೆಯಾಯಿತು. ನಿಮ್ಮ ಫಂಡ್‌ಗಳಲ್ಲಿ ಇದು 0.15% ಬಂದರೆ ಅಥವಾ 0.70% ಬಂದರೆ ಕಾರಣ ಹುಡುಕಬೇಕು. ಹೆಚ್ಚಾಗಿ ಸಿಗುವುದು ಮೂರು. ಒಂದರಲ್ಲಿ ಲಾಭ ಫಂಡಿನಲ್ಲೇ ಉಳಿಯುವ ಗ್ರೋತ್, ಇನ್ನೊಂದರಲ್ಲಿ ಆಗಾಗ ಹಣ ಹಂಚುವ ಐಡಿಸಿಡಬ್ಲ್ಯು ಆಯ್ಕೆಯ ಎನ್‌ಎವಿ ತೆಗೆದುಕೊಂಡಿರುತ್ತೀರಿ, ಹಣ ಹಂಚಿದ ದಿನ ಎರಡನೆಯದರ ಎನ್‌ಎವಿ ಧಡಕ್ಕನೆ ಇಳಿದಿರುತ್ತದೆ. ಇಲ್ಲವೇ ನಡುವೆ ಎಕ್ಸ್‌ಪೆನ್ಸ್ ರೇಶಿಯೋ ಬದಲಾಗಿರುತ್ತದೆ, ಇಂದಿನ 0.60% ಮೂರು ವರ್ಷದ ಹಿಂದೆ ಬೇರೆ ಇದ್ದಿರಬಹುದು. ಇವೆರಡೂ ಅಲ್ಲದಿದ್ದರೆ ಫಂಡ್ ಸೂಚ್ಯಂಕವನ್ನು ಹಿಂಬಾಲಿಸುವ ರೀತಿಯಲ್ಲೇ ಸಡಿಲವಿದೆ: ಕೈಯಲ್ಲಿ ನಗದು ಉಳಿಯುವುದು, ಸೂಚ್ಯಂಕದ ಕಂಪನಿ ಬದಲಾದಾಗ ಕೊಂಡು ಮಾರುವ ಖರ್ಚು. ಇದಕ್ಕೆಂದೇ ಇಂಡೆಕ್ಸ್ ಫಂಡ್‌ಗಳು ಟ್ರ್ಯಾಕಿಂಗ್ ಡಿಫರೆನ್ಸ್, ಅಂದರೆ ಸೂಚ್ಯಂಕದ ಗಳಿಕೆಗೂ ಫಂಡಿನ ಗಳಿಕೆಗೂ ಇರುವ ಅಂತರ, ಪ್ರಕಟಿಸಬೇಕೆಂದು ಸೆಬಿ 2022ರಲ್ಲಿ ನಿಯಮ ಮಾಡಿತು. ಎಕ್ಸ್‌ಪೆನ್ಸ್ ರೇಶಿಯೋ ಕಡಿಮೆ ಇದ್ದೂ ಸೂಚ್ಯಂಕಕ್ಕಿಂತ ಹೆಚ್ಚು ಹಿಂದೆ ಬಿದ್ದಿರುವ ಫಂಡ್ ಅಗ್ಗದ್ದಲ್ಲ. ಅಂದಹಾಗೆ ಆರು ತಿಂಗಳ ಎನ್‌ಎವಿ ಹಿಡಿದು ಈ ಲೆಕ್ಕ ಮಾಡಬೇಡಿ, ಅಷ್ಟರಲ್ಲಿ ಖರ್ಚಿನ ವ್ಯತ್ಯಾಸ 0.20% ಮಾತ್ರ, ಸಣ್ಣಪುಟ್ಟ ಏರುಪೇರೇ ಅದನ್ನು ಮುಚ್ಚಿಬಿಡುತ್ತದೆ. ಮೂರು ವರ್ಷವಾದರೂ ಬೇಕು.

ಬ್ಯಾಂಕಿನವರು ಮಾಡಿಸಿದ್ದು ಎಂದಿದ್ದೀರಿ, ಹಾಗಾದರೆ ಅದು ರೆಗ್ಯುಲರ್ ಪ್ಲಾನ್ ಇರಬೇಕು. ಸ್ಟೇಟ್‌ಮೆಂಟಿನಲ್ಲಿ ಫಂಡಿನ ಹೆಸರಿನ ಜೊತೆಗೇ ಬರೆದಿರುತ್ತದೆ. ಮಾರಿದವರ ಕಮಿಷನ್ ಆ ಖರ್ಚಿನೊಳಗೆ ಸೇರಿರುತ್ತದೆ. 2013ರ ಜನವರಿ 1ರಿಂದ ಪ್ರತಿ ಫಂಡಿಗೂ ಮಧ್ಯವರ್ತಿಯಿಲ್ಲದೆ ನೇರವಾಗಿ ಕೊಳ್ಳುವ ಡೈರೆಕ್ಟ್ ಪ್ಲಾನ್ ಇದೆ, ಆದರೆ ಅದೇ ಫಂಡಿನ ಡೈರೆಕ್ಟ್‌ಗೆ ಹೋದರೂ ಆದಾಯ ತೆರಿಗೆಯ ಕಣ್ಣಿಗೆ ಅದು ಮಾರಾಟವೇ.

ಹಾಗಾಗಿ ಬಿಟ್ಟು ಬರುವ ಖರ್ಚನ್ನೂ ಅಳೆಯಿರಿ. ಈಗಿನ ನಿಯಮದಂತೆ ಒಂದು ವರ್ಷಕ್ಕಿಂತ ಹಳೆಯ ಈಕ್ವಿಟಿ ಯೂನಿಟ್‌ಗಳ ಲಾಭದಲ್ಲಿ ಹಣಕಾಸು ವರ್ಷಕ್ಕೆ 1.25 ಲಕ್ಷದವರೆಗೆ ತೆರಿಗೆ ಇಲ್ಲ, ಮೇಲಿನದಕ್ಕೆ 12.5%. ನೀವು ಪೂರ್ತಿ ಒಂದೇ ಸಲ ಮಾರಿದರೆ 1 ಲಕ್ಷಕ್ಕೆ 12,500, ಸೆಸ್ ಸೇರಿ 13,000 ರೂಪಾಯಿ. ವರ್ಷಕ್ಕೆ 2,000 ಉಳಿಸಲು ಇಂದೇ 13,000 ಕೊಡುವುದು ಆತುರ. ಈ ಹಣಕಾಸು ವರ್ಷದಲ್ಲಿ ಒಂದು ಭಾಗ, ಏಪ್ರಿಲ್ 1 ಕಳೆದ ಮೇಲೆ ಉಳಿದದ್ದು ಮಾರಿದರೆ ಬಹುಶಃ ತೆರಿಗೆಯೇ ಬರುವುದಿಲ್ಲ. ಅರ್ಧ ಹಣ ಒಂದು ವರ್ಷ ಕಾದರೂ ಹೋಗುವುದು ಹೆಚ್ಚೆಂದರೆ 1,000 ರೂಪಾಯಿ.

ಇಲ್ಲಿ ಒಂದು ಕಡೆ ಎಚ್ಚರ ಬೇಕು. ಮೊದಲು ಕೊಂಡ ಯೂನಿಟ್ ಮೊದಲು ಮಾರಾಟವಾಯಿತೆಂದು ಲೆಕ್ಕ ಹಿಡಿಯುತ್ತಾರೆ. ನಿಮ್ಮ 2020ರ ಯೂನಿಟ್‌ಗಳಲ್ಲಿ ಲಾಭ ಹೆಚ್ಚು ತುಂಬಿದೆ. ಸರಾಸರಿ ನೋಡಿದರೆ ಅರ್ಧ ಹಣಕ್ಕೆ 1.12 ಲಕ್ಷ ಲಾಭ ಅನ್ನಿಸುತ್ತದೆ, ಆದರೆ ಮೊದಲ ಅರ್ಧ ಮಾರಿದಾಗ 1.25 ಲಕ್ಷ ದಾಟಿರಬಹುದು. ಆದ್ದರಿಂದ "ಅರ್ಧ" ಎಂದು ಮಾರದೆ, ಕ್ಯಾಪಿಟಲ್ ಗೇನ್ಸ್ ಸ್ಟೇಟ್‌ಮೆಂಟ್ ತರಿಸಿಕೊಂಡು ಕಂತುವಾರು ಲಾಭ ಕೂಡಿಸುತ್ತ ಬನ್ನಿ, 1.20 ಲಕ್ಷದ ಹತ್ತಿರ ಬಂದಾಗ ನಿಲ್ಲಿಸಿ. ಆ 1.25 ಲಕ್ಷದ ಮಿತಿಯಲ್ಲಿ ನಿಮ್ಮ ಷೇರುಗಳ, ಬೇರೆ ಈಕ್ವಿಟಿ ಫಂಡ್‌ಗಳ ಲಾಭವೂ ಸೇರುತ್ತದೆ ಎಂಬುದು ನೆನಪಿರಲಿ. ಎಕ್ಸಿಟ್ ಲೋಡ್, ಅಂದರೆ ಮಾರುವಾಗ ಫಂಡ್ ಮುರಿದುಕೊಳ್ಳುವ ಶುಲ್ಕ, ಇದೆಯೇ ಎಂದು ಫಂಡಿನ ಮಾಹಿತಿ ಪತ್ರದಲ್ಲಿ ಒಮ್ಮೆ ನೋಡಿಬಿಡಿ.

ಮಾರಿದ ಹಣ ಬ್ಯಾಂಕಿಗೆ ಬಂದು ಮತ್ತೆ ಅಗ್ಗದ ಫಂಡಿಗೆ ಹೋಗುವಷ್ಟರಲ್ಲಿ ಕೆಲವು ದಿನ ಮಾರುಕಟ್ಟೆಯ ಹೊರಗಿರುತ್ತದೆ. ಆ ದಿನಗಳಲ್ಲಿ ನಿಫ್ಟಿ 1% ಏರಿದರೆ ಎರಡೂವರೆ ವರ್ಷದ ಉಳಿತಾಯ ಹೋದಂತೆ, ಇಳಿದರೆ ಅಷ್ಟೇ ಲಾಭ. ಅದನ್ನು ಊಹಿಸಲು ಹೋಗಬೇಡಿ, ಆದರೆ ಹಣ ಬಂದ ದಿನವೇ ಮತ್ತೆ ಹಾಕಿ. ಬ್ಯಾಂಕಿನ ಫಂಡಿನಲ್ಲಿ ಎಸ್‌ಐಪಿ ಏನಾದರೂ ಇನ್ನೂ ನಡೆಯುತ್ತಿದ್ದರೆ ಅದನ್ನು ಮಾತ್ರ ಈ ತಿಂಗಳೇ ನಿಲ್ಲಿಸಿ ಅಗ್ಗದ ಫಂಡಿಗೆ ತಿರುಗಿಸಿ, ಅದಕ್ಕೆ ತೆರಿಗೆಯೂ ಇಲ್ಲ, ಕಾಯುವ ಕಾರಣವೂ ಇಲ್ಲ.