ಹೋಮ್ ನರ್ಸಿಂಗ್ ಫೋಟೋ: ಮುಖ, ಕೈ ಸಹಜವಾಗಿ ಬರಬೇಕಾದರೆ

"ಹೋಮ್ ನರ್ಸಿಂಗ್ ಸೇವೆಯವರಿಗೆ ಫೋಟೋ ತೆಗೆಯುತ್ತಿದ್ದೇನೆ. ನರ್ಸ್ ಬಿಪಿ ನೋಡುವ ಫೋಟೋದಲ್ಲಿ ಅಜ್ಜಿ ಮುಖ ಬಿಗಿದುಕೊಂಡಿದೆ, ಕೈ ಬೊಂಬೆ ಕೈ ಥರ ಇದೆ. ಏನು ಮಾಡಲಿ?"

ಮೇಡಂ, ಬಿಪಿ ನೋಡುವ ಕ್ಷಣವನ್ನೇ ಬಿಟ್ಟುಬಿಡಿ. ಪಟ್ಟಿಗೆ ಗಾಳಿ ತುಂಬುವಾಗ ತೋಳು ಬಿಗಿಯುತ್ತದೆ, ಮುಖವೂ ಬಿಗಿಯುತ್ತದೆ. ಆಗ ಅಜ್ಜಿ ಮಾತಾಡಲೂ ಬಾರದು, ಮಾತಾಡಿದರೆ ರೀಡಿಂಗ್ ಜಾಸ್ತಿ ಬರುತ್ತದೆ. ಹಾಗಾಗಿ ನಗಿಸಿ ತೆಗೆದರೆ ನರ್ಸ್ ಕೆಲಸ ಗೊತ್ತಿದ್ದವರಿಗೆ ತಕ್ಷಣ ಸುಳ್ಳು ಅಂತ ಕಾಣುತ್ತದೆ. ಸೀರೆಯ ಮೇಲೆ ಹಾಕಿಕೊಂಡ ಸ್ವೆಟರ್ ತೋಳಿನ ಮೇಲೇ ಪಟ್ಟಿ ಸುತ್ತಿದ್ದರೂ ಅಷ್ಟೇ.

ಪಟ್ಟಿ ಬಿಚ್ಚಿದ ಮೇಲಿನ ಅರ್ಧ ನಿಮಿಷ ಕಾಯಿರಿ. ನರ್ಸ್ ತೋಳಿನ ಬಟ್ಟೆ ಸರಿಮಾಡುತ್ತಾರೆ, "ಎಷ್ಟಿದೆಯಮ್ಮಾ?" ಅಂತ ಅಜ್ಜಿ ಕೇಳುತ್ತಾರೆ. ಉತ್ತರಕ್ಕೆ ಕಾಯುವಾಗ ಅಜ್ಜಿಯ ಕಣ್ಣು ನರ್ಸ್ ಕಡೆ ಇರುತ್ತದೆ, ಕ್ಯಾಮೆರಾ ಮರೆತಿರುತ್ತಾರೆ. ಕೈ ಟೇಬಲ್ ಮೇಲೆ ಸಡಿಲವಾಗಿ ಬಿದ್ದಿರುತ್ತದೆ. ನರ್ಸ್ ಆ ಕೈ ಹಿಡಿಯುವುದಾದರೆ ಕೆಳಗಿನಿಂದ ಆಸರೆ ಕೊಡಲಿ. ಮೇಲಿಂದ ಮಣಿಕಟ್ಟು ಹಿಡಿದರೆ ಯಾರನ್ನೋ ತಡೆದು ನಿಲ್ಲಿಸಿದ ಹಾಗೆ ಕಾಣುತ್ತದೆ. ಇನ್ನೊಂದು ಮಾತು, ಸುಮ್ನೆ ಮಾತಾಡುತ್ತ ಕೈ ಹಿಡಿಯುವುದಕ್ಕೆ ಗ್ಲೌಸ್ ಬೇಡ.

ನರ್ಸ್ ನಿಂತಿರಬಾರದು. ಸ್ಟೂಲ್ ಮೇಲೆ ಕೂರಿಸಿ, ನೀವೂ ಅಜ್ಜಿಯ ಕಣ್ಣಿನ ಮಟ್ಟಕ್ಕೆ ಇಳಿಯಿರಿ. ಕಿಟಕಿ ಪಕ್ಕದಲ್ಲಿರಲಿ, ಬಿಸಿಲು ನೇರ ಬಿದ್ದರೆ ಕಿಟಕಿಗೆ ತೆಳು ಬಿಳಿ ಪಂಚೆ ಕಟ್ಟಿ. ಟ್ಯೂಬ್‌ಲೈಟ್ ಆಫ್ ಮಾಡಿ, ಇಲ್ಲದಿದ್ದರೆ ಮುಖದ ಒಂದು ಕಡೆ ಹಸಿರು ಛಾಯೆ ಬರಬಹುದು.

ಇದೇ ಪ್ರಶ್ನೆಗೆ ಒಬ್ಬರು 85 ಎಂಎಂ ಲೆನ್ಸನ್ನು f/1.8ಕ್ಕೆ ಇಡಿ ಅಂದಿದ್ದಾರೆ. ಹಿನ್ನೆಲೆ ಮಸುಕಾಗುತ್ತದೆ ಅನ್ನೋದು ನಿಜ. ಆದರೆ ಫುಲ್ ಫ್ರೇಮ್ ಕ್ಯಾಮೆರಾದಲ್ಲಿ ಒಂದೂವರೆ ಮೀಟರ್ ದೂರದಿಂದ ಸ್ಪಷ್ಟವಾಗಿ ಸಿಗುವ ಆಳ ಸುಮಾರು 3 ಸೆಂ.ಮೀ. ಮಾತ್ರ. ಕಣ್ಣು ಸಿಕ್ಕರೆ ಕೈ ಹೋಯಿತು. ಅದೇ ದೂರದಿಂದ 50 ಎಂಎಂ, f/4 ಇಟ್ಟರೆ ಸುಮಾರು 20 ಸೆಂ.ಮೀ. ಸಿಗುತ್ತದೆ, ಕೈಯನ್ನು ಮುಖಕ್ಕೆ ಸ್ವಲ್ಪ ಹತ್ತಿರ ತಂದರೆ ಎರಡೂ ಬರುತ್ತವೆ. ಅಜ್ಜಿಯ ಕೈ ನಡುಗುತ್ತಿದ್ದರೆ ಶಟರ್ 1/200ಕ್ಕಿಂತ ಕೆಳಗೆ ಇಳಿಸಬೇಡಿ. ಐಎಸ್‌ಒ 1600ಕ್ಕೆ ಏರಿದರೂ ಪರವಾಗಿಲ್ಲ.

ಬೊಂಬೆ ಕೈ ಆಗಿದ್ದು ಬಹುಶಃ ಎಡಿಟಿಂಗ್‌ನಲ್ಲಿ. ಫೋನಿನ ಬ್ಯೂಟಿ ಮೋಡ್ ಆಫ್ ಮಾಡಿ ನೋಡಿ. ಉಬ್ಬಿದ ನರ, ಗೆಣ್ಣಿನ ಸುಕ್ಕು, ಬಳೆ ಒತ್ತಿದ ಗುರುತು, ಎಲ್ಲ ಇರಲಿ. ಕ್ಯಾನುಲಾ ಹಾಕಿದ ಕಡೆ ಆದ ನೀಲಿ ಕಲೆಯನ್ನು ಮಾತ್ರ ಅಜ್ಜಿ ತೆಗೆಯಿರಿ ಅಂದರೆ ತೆಗೆಯಿರಿ.

 

ಮರೆವಿನ ಕಾಯಿಲೆ ಇರುವವರ ಫೋಟೋಗೆ ಮಗನ ಸಹಿ ಸಾಕು ಅಂತ ಇಲ್ಲೇ ಇನ್ನೊಬ್ಬರು ಬರೆದಿದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ. ಸಹಿ ಇದ್ದರೂ ಅಜ್ಜಿ ಮುಖ ತಿರುಗಿಸಿದರೆ ನಾನು ಕ್ಯಾಮೆರಾ ಕೆಳಗಿಡುತ್ತೇನೆ. ಮುಖ ಬಿಟ್ಟು ಕೈಯ ಫೋಟೋ ಮಾತ್ರ ತೆಗೆದರೆ ಸರಿಯೋ ಅನ್ನೋದರಲ್ಲಿ ನಮ್ಮಲ್ಲೇ ಎರಡು ಅಭಿಪ್ರಾಯ ಇದೆ. ಬೇರೆಯವರೂ ಹೇಳಲಿ.