2³ × 6² × 10 ಎಂಬ ಸಂಖ್ಯೆಯ ಅಪವರ್ತನಗಳು

ಪ್ರಶ್ನೆ: ಬ್ಯಾಂಕ್ ಪರೀಕ್ಷೆಗೆ ಓದುತ್ತಿದ್ದೇನೆ. ದೊಡ್ಡ ಸಂಖ್ಯೆಯ ಅಪವರ್ತನಗಳೆಷ್ಟು, ಅವುಗಳ ಮೊತ್ತವೆಷ್ಟು, ಬೆಸ ಎಷ್ಟು, ಪೂರ್ಣ ವರ್ಗ ಎಷ್ಟು ಎಂದು ಒಂದೊಂದಕ್ಕೂ ಒಂದೊಂದು ಸೂತ್ರ ಕೊಡುತ್ತಾರೆ. ಯಾವ ಯಾವ ಸೂತ್ರಗಳನ್ನು ಬಾಯಿಪಾಠ ಮಾಡಿದರೆ ಸಾಕು?

ನನ್ನ ನೋಟ್‌ಬುಕ್ಕಿನ ಕೊನೆಯ ಪುಟದಲ್ಲೂ ಇಂಥದೇ ಪಟ್ಟಿಯಿತ್ತು. ಪರೀಕ್ಷೆಯಲ್ಲಿ 2³ × 6² × 10 ಎಂಬ ಸಂಖ್ಯೆಗೆ ಎಷ್ಟು ಅಪವರ್ತನಗಳಿವೆ ಎಂದು ಕೇಳಿದಾಗ, ಪ್ರತಿ ಘಾತಕ್ಕೂ ಒಂದನ್ನು ಕೂಡಿಸಿ ಗುಣಿಸಬೇಕೆಂಬ ಸೂತ್ರ ತಕ್ಷಣ ನೆನಪಾಯಿತು. 4 × 3 × 2 ಎಂದು ಗುಣಿಸಿ 24 ಎಂದು ಗುರುತು ಹಾಕಿದೆ. ಆಯ್ಕೆಗಳಲ್ಲಿ 24 ಇದ್ದುದರಿಂದ ಅನುಮಾನವೂ ಬರಲಿಲ್ಲ. ಸರಿಯುತ್ತರ 42. ಅದೇ ಸಂಖ್ಯೆಯ ಅಪವರ್ತನಗಳ ಮೊತ್ತವನ್ನು ಕೇಳಿದ್ದ ಮುಂದಿನ ಪ್ರಶ್ನೆಯೂ ಅದೇ ಕಾರಣಕ್ಕೆ ಕೈತಪ್ಪಿತು.

ಸೂತ್ರ ತಪ್ಪಾಗಿರಲಿಲ್ಲ, ಅದು ಅವಿಭಾಜ್ಯ ಸಂಖ್ಯೆಗಳ ಘಾತಗಳಿಗೆ ಮಾತ್ರ ಸಲ್ಲುತ್ತದೆ, ನಾನು ಅದನ್ನು 6 ಮತ್ತು 10ಕ್ಕೆ ಅನ್ವಯಿಸಿದ್ದೆ. ಹಾಗೆ ಮಾಡಿದಾಗ ಏನು ಕಳೆದುಹೋಗುತ್ತದೆ ಎಂಬುದನ್ನು ಗಮನಿಸಿ. ಆ ಸಂಖ್ಯೆಯ ಬೆಲೆ 2880. ಅದನ್ನು 3 ನಿಶ್ಶೇಷವಾಗಿ ಭಾಗಿಸುತ್ತದೆ. ಆದರೆ 2, 6, 10 ಇವುಗಳನ್ನು ಹೇಗೆ ಗುಣಿಸಿದರೂ 3 ಬರುವುದಿಲ್ಲ, ಏಕೆಂದರೆ 6 ತನ್ನೊಳಗಿನ 2ನ್ನು ಬಿಟ್ಟು ಬರಲಾರದು. 5, 9, 15, 45 ಇವೂ ಹಾಗೆಯೇ ಹೊರಗುಳಿಯುತ್ತವೆ. ಕೆಲವೊಮ್ಮೆ ಇದೇ ತಪ್ಪು ಎಣಿಕೆಯನ್ನು ಹೆಚ್ಚಿಸುತ್ತದೆ: 2² × 4 ಎಂಬಲ್ಲಿ 3 × 2 ಎಂದು ಗುಣಿಸಿದರೆ 6 ಬರುತ್ತದೆ, ಆದರೆ 16ಕ್ಕೆ ಇರುವ ಅಪವರ್ತನಗಳು 1, 2, 4, 8, 16 ಎಂಬ ಐದೇ. ಅಲ್ಲಿ 4 ಎಂಬುದು 2² ಆಗಿ ಒಮ್ಮೆ, 4 ಆಗಿಯೇ ಇನ್ನೊಮ್ಮೆ ಎಣಿಕೆಗೆ ಬಂದಿರುತ್ತದೆ.

ಆದ್ದರಿಂದ ಯಾವ ಸೂತ್ರಗಳನ್ನು ಬಾಯಿಪಾಠ ಮಾಡಬೇಕೆಂಬ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಪಟ್ಟಿಯನ್ನು ಬದಿಗಿಟ್ಟು, ಮೊದಲು ಸಂಖ್ಯೆಯನ್ನು ಪೂರ್ತಿಯಾಗಿ ಒಡೆಯಿರಿ. 6² ಎಂದರೆ 2² × 3², 10 ಎಂದರೆ 2 × 5. ಎಲ್ಲ 2ಗಳನ್ನು ಒಟ್ಟುಗೂಡಿಸಿದರೆ 2⁶ × 3² × 5 ಆಗುತ್ತದೆ. ಇದರ ಯಾವುದೇ ಅಪವರ್ತನವನ್ನು ಕಟ್ಟಬೇಕಾದರೆ 2ರ ಘಾತವನ್ನು 0ಯಿಂದ 6ರವರೆಗೆ ಏಳು ಬಗೆಯಲ್ಲಿ, 3ರದನ್ನು ಮೂರು ಬಗೆಯಲ್ಲಿ, 5ರದನ್ನು ಎರಡು ಬಗೆಯಲ್ಲಿ ಆರಿಸಬಹುದು. ಒಟ್ಟು 7 × 3 × 2, ಅಂದರೆ 42. ಘಾತಕ್ಕೆ ಒಂದನ್ನು ಕೂಡಿಸುವುದು ಏಕೆಂದರೆ, ಆ ಅವಿಭಾಜ್ಯವನ್ನು ತೆಗೆದುಕೊಳ್ಳದೆ ಬಿಡುವುದೂ ಒಂದು ಆಯ್ಕೆಯೇ.

ಮೊತ್ತವೂ ಇದೇ ಆಯ್ಕೆಯಿಂದ ಹುಟ್ಟುತ್ತದೆ. (1+2+4+8+16+32+64) × (1+3+9) × (1+5) ಎಂಬ ಆವರಣಗಳನ್ನು ಬಿಡಿಸಿ ಗುಣಿಸಿದರೆ ಬರುವ ಪ್ರತಿಯೊಂದು ಪದವೂ ಒಂದು ಅಪವರ್ತನ, ಮತ್ತು ಪ್ರತಿಯೊಂದು ಅಪವರ್ತನವೂ ಒಂದೇ ಬಾರಿ ಬರುತ್ತದೆ. ಬಿಡಿಸುವ ಅಗತ್ಯವಿಲ್ಲ; 127 × 13 × 6 = 9906. ಮೊದಲ ಆವರಣವನ್ನು ಕೂಡಿಸುತ್ತ ಕೂರಬೇಡಿ, 2⁷ರಿಂದ 1 ಕಳೆದರೆ 127 ಸಿಗುತ್ತದೆ.

ಬೆಸ ಅಪವರ್ತನಗಳು ಬೇಕಾದರೆ 2ನ್ನು ತೆಗೆದುಕೊಳ್ಳಲೇಬೇಡಿ: 3 × 2 = 6, ಅವುಗಳ ಮೊತ್ತ 13 × 6 = 78. ಪೂರ್ಣ ವರ್ಗಗಳು ಬೇಕಾದರೆ ಸಮ ಘಾತಗಳನ್ನಷ್ಟೇ ಆರಿಸಿ: 2ಕ್ಕೆ 0, 2, 4, 6, 3ಕ್ಕೆ 0, 2, 5ಕ್ಕೆ 0 ಮಾತ್ರ, ಒಟ್ಟು 8. ನಿಮ್ಮ ಪಟ್ಟಿಯಲ್ಲಿ ಬಹುಶಃ ಇಲ್ಲದ ಪ್ರಶ್ನೆಗೂ ಇದು ಸಾಕಾಗುತ್ತದೆ. 12ರಿಂದ ಭಾಗವಾಗುವ ಅಪವರ್ತನಗಳೆಷ್ಟು ಎಂದು ಕೇಳಿದರೆ, 2ರ ಘಾತ ಕನಿಷ್ಠ 2, 3ರ ಘಾತ ಕನಿಷ್ಠ 1 ಇರಬೇಕು; 5 × 2 × 2 = 20.

ಉತ್ತರವನ್ನು ಪರೀಕ್ಷಿಸುವ ಬಗೆಯನ್ನೂ ಹೇಳಬೇಕು. ಪೂರ್ಣ ವರ್ಗವಲ್ಲದ ಸಂಖ್ಯೆಗೆ ಅಪವರ್ತನಗಳು ಸಮ ಸಂಖ್ಯೆಯಲ್ಲಿರುತ್ತವೆ ಎಂಬ ತಾಳೆ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ, ಏಕೆಂದರೆ 24 ಮತ್ತು 42 ಎರಡೂ ಸಮವೇ. ಮೊತ್ತದಲ್ಲಿ ಮಾತ್ರ ತಪ್ಪು ಸಿಕ್ಕಿಬೀಳುತ್ತದೆ. ನನ್ನ ತಪ್ಪು ಲೆಕ್ಕದಲ್ಲಿ 15 × 43 × 11 = 7095 ಬಂದಿತ್ತು. 2880ರ ದೊಡ್ಡ ಅಪವರ್ತನಗಳಾದ 2880, 1440, 960, 720, 576, 480, 360 ಇಷ್ಟನ್ನೇ ಕೂಡಿದರೂ 7416 ಆಗುತ್ತದೆ. ಹಾಗಿರುವಾಗ ಒಟ್ಟು ಮೊತ್ತ 7095 ಆಗಿರಲು ಸಾಧ್ಯವೇ ಇಲ್ಲ.

ಇನ್ನು, ಒಡೆಯುತ್ತ ಹೋಗಿ ಕೊನೆಗೆ 91 ಉಳಿದರೆ ಅದನ್ನು ಅವಿಭಾಜ್ಯವೆಂದು ಬರೆದುಬಿಡಬೇಡಿ, ಅದು 7 × 13. ಉಳಿದ ಸಂಖ್ಯೆಯನ್ನು ಅದರ ವರ್ಗಮೂಲದವರೆಗಿನ ಎಲ್ಲ ಅವಿಭಾಜ್ಯಗಳಿಂದ ಭಾಗಿಸಿ ನೋಡಿದ ಮೇಲೆಯೇ ಎಣಿಕೆಗೆ ತೊಡಗಿ.